ರೇಷ್ಮೆ ಸೀರೆಗೆ ಬಳೆ ಮತ್ತು ಬೊಟ್ಟಿನ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಸೀರೆಯ ಬಣ್ಣದ್ದೇ ಬಳೆ ಹುಡುಕಿ ತಂದರೂ ತೊಟ್ಟಾಗ ಏಕೆ ಹೊಂದುವುದಿಲ್ಲ?

ಬಹುತೇಕ ಸಂದರ್ಭಗಳಲ್ಲಿ ಆ ಬಳೆಯ ಬಣ್ಣ ಸೀರೆಯ ಬಣ್ಣಕ್ಕೆ ಅತಿ ಸಮೀಪದಲ್ಲಿದ್ದು, ಅದೇ ಬಣ್ಣ ಆಗಿರುವುದಿಲ್ಲ. ಎರಡು ಬಣ್ಣಗಳು ದೂರದಲ್ಲಿದ್ದರೆ ನೋಡುವವರಿಗೆ ಅದು ಬೇಕೆಂದೇ ಆರಿಸಿದ್ದು ಎನಿಸುತ್ತದೆ. ಒಂದೇ ಆಗಿದ್ದರೆ ಜೋಡಿ ಎನಿಸುತ್ತದೆ. ಇವೆರಡರ ನಡುವೆ, ಕೂದಲೆಳೆಯಷ್ಟು ವ್ಯತ್ಯಾಸವಿರುವ ಬಣ್ಣ ಮಾತ್ರ ತಪ್ಪಿಹೋದಂತೆ ಕಾಣುತ್ತದೆ. ಕುಂಕುಮಗೆಂಪಿನ ಸೀರೆಗೆ ದಾಳಿಂಬೆಗೆಂಪಿನ ಬಳೆ ತೊಟ್ಟರೆ ಬಳೆ ಮಾಸಿದಂತೆಯೋ ಸೀರೆ ಹಳತಾದಂತೆಯೋ ತೋರುತ್ತದೆ. ಅದೇ ಸೀರೆಗೆ ಬಾಟಲಿ ಹಸಿರಿನ ಬಳೆ ತೊಟ್ಟಾಗ ಯಾರಿಗೂ ಅಂಥ ಅನುಮಾನ ಬರುವುದಿಲ್ಲ.

ಇದಕ್ಕೆ ಬಟ್ಟೆ ಮತ್ತು ಗಾಜಿನ ಸ್ವಭಾವವೂ ಕಾರಣ. ರೇಷ್ಮೆಯ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ಸುಮಾರಾಗಿ ತ್ರಿಕೋನಾಕಾರದಲ್ಲಿರುತ್ತದೆ. ಅದರ ಮುಖಗಳ ಮೇಲೆ ಬಿದ್ದ ಬೆಳಕು ನೇರವಾಗಿ ಹಿಂದಿರುಗುವುದರಿಂದ ಸೀರೆಯ ಬಣ್ಣ ಮಡಿಕೆಯ ಏಣಿನಲ್ಲಿ ತಿಳಿಯಾಗಿಯೂ ಒಳಗಿನ ನೆರಳಿನಲ್ಲಿ ಗಾಢವಾಗಿಯೂ ಇರುತ್ತದೆ. ಗಾಜಿನ ಬಳೆಗೆ ಈ ಏರಿಳಿತವಿಲ್ಲ. ಹಾಗಾಗಿ ಮಡಚಿಟ್ಟ ಸೀರೆಯ ಮೇಲ್ಮೈಗೆ ಸರಿಯಾಗಿ ಹೊಂದಿದ ಬಳೆ ಸೀರೆ ಉಟ್ಟ ಮೇಲೆ ನೆರಿಗೆಯ ಪಕ್ಕದಲ್ಲಿ ಬೇರೆಯಾಗಿಯೇ ಕಾಣುವುದು ಸಹಜ.

ಒಡಲಿನ ಬಣ್ಣವನ್ನೇ ಬಳೆಯಲ್ಲಿ ತರಬೇಕೆಂದಿದ್ದರೆ ನಾನು ಅನುಸರಿಸುವ ಕ್ರಮ ಸರಳವಾಗಿದೆ: ನೆರಿಗೆಯ ಒಳಗಿನ ನೆರಳಿನಲ್ಲಿ ಕಾಣುವ ಗಾಢ ಬಣ್ಣಕ್ಕೆ ಬಳೆಯನ್ನು ಹೊಂದಿಸುತ್ತೇನೆ, ಹೊರಮೈಯ ಹೊಳಪಿಗೆ ಅಲ್ಲ. ಎರಡು ಮೆಟ್ಟಿಲು ಗಾಢವಾದ ಬಳೆ ಸೀರೆಯೊಳಗೇ ಇರುವ ನೆರಳಿನ ಬಣ್ಣವಾಗಿರುವುದರಿಂದ ಸೀರೆಗೆ ಸೇರಿಕೊಳ್ಳುತ್ತದೆ. ಎರಡು ಮೆಟ್ಟಿಲು ತಿಳಿಯಾದ ಬಳೆ ಅಷ್ಟು ಸುಲಭವಾಗಿ ಸೇರುವುದಿಲ್ಲ.

ಬಳೆ ಮತ್ತು ಬೊಟ್ಟು ಒಂದೇ ಬಣ್ಣದವಾಗಿರಬೇಕೆ?

ಬೇಕಿಲ್ಲ. ಬಳೆಗೆ ನೆರೆಯಾಗಿರುವುದು ಸೀರೆ. ಕೈ ಇಳಿಬಿಟ್ಟಾಗ ಅದು ನೆರಿಗೆಗೆ ತಾಗುತ್ತದೆ, ಸೆರಗನ್ನು ಹಿಡಿದಾಗ ಸೆರಗಿನ ಮೇಲೆಯೇ ಇರುತ್ತದೆ. ಬೊಟ್ಟಿಗೆ ನೆರೆಯಾಗಿರುವುದು ಹಣೆಯ ಚರ್ಮ, ಹುಬ್ಬು ಮತ್ತು ಕಣ್ಣು. ಸೀರೆ ಅದರಿಂದ ಒಂದು ಗೇಣಿಗಿಂತ ಹೆಚ್ಚು ದೂರದಲ್ಲಿದೆ. ಆದ್ದರಿಂದ ಬಳೆಯನ್ನು ಬಟ್ಟೆಯ ಮೇಲಿಟ್ಟು ಆರಿಸಬೇಕು, ಬೊಟ್ಟನ್ನು ಹಣೆಯ ಮೇಲಿಟ್ಟು ಆರಿಸಬೇಕು. ಸೀರೆಯ ಮೇಲೆ ಬಿಂದಿಯ ಹಾಳೆಯನ್ನು ಹಿಡಿದು ಬಣ್ಣ ನೋಡುವ ಅಭ್ಯಾಸ ಬಹಳ ಜನರಲ್ಲಿದೆ. ಆ ಪರೀಕ್ಷೆಯಲ್ಲಿ ಗೆದ್ದ ಬಿಂದಿ ಕನ್ನಡಿಯ ಮುಂದೆ ಸೋಲುವುದು ಇದೇ ಕಾರಣಕ್ಕೆ.

ಬಳೆ, ಬೊಟ್ಟು, ರವಿಕೆ ಮೂರೂ ಒಂದೇ ಬಣ್ಣದಲ್ಲಿದ್ದು ಸೀರೆಗೆ ವಿರುದ್ಧವಾಗಿದ್ದರೆ ಮೂರೂ ಒಟ್ಟಿಗೆ ಕೂಗಿದಂತಾಗುತ್ತದೆ. ರವಿಕೆ ಮತ್ತು ಬಳೆಗಳನ್ನು ಜೋಡಿಯಾಗಿಸಿ, ಬೊಟ್ಟನ್ನು ಮುಖಕ್ಕೆ ಒಪ್ಪುವ ಬಣ್ಣದಲ್ಲಿ ಸ್ವತಂತ್ರವಾಗಿ ಬಿಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಬಣ್ಣಕ್ಕೆ ಬಣ್ಣ ಹೊಂದಿಸಬೇಕೋ, ವಿರುದ್ಧ ಬಣ್ಣ ಆರಿಸಬೇಕೋ? ಹೇಗೆ ತೀರ್ಮಾನಿಸಬೇಕು?

ಸೀರೆಯಲ್ಲಿ ಎರಡನೆಯ ಬಣ್ಣ ಇದೆಯೇ ಎಂಬುದನ್ನು ಮೊದಲು ನೋಡಿ. ಕಾಂಚೀಪುರದ ಸೀರೆಗಳಲ್ಲಿ ಅಂಚು ಮತ್ತು ಸೆರಗು ಒಡಲಿಗಿಂತ ಬೇರೆ ಬಣ್ಣದಲ್ಲಿರುವುದು ಸಾಮಾನ್ಯ. ವಿರುದ್ಧ ಬಣ್ಣವನ್ನು ನೇಕಾರರೇ ಆರಿಸಿಕೊಟ್ಟಿರುತ್ತಾರೆ. ಅಂಥ ಸೀರೆಗೆ ಬಳೆಯ ಮೊದಲ ಆಯ್ಕೆ ಅಂಚಿನ ಬಣ್ಣವೇ. ರೇಷ್ಮೆಯ ಇಳಕಲ್ ಸೀರೆಯಲ್ಲೂ ಹೀಗೆಯೇ: ಒಡಲು ಯಾವ ಬಣ್ಣದ್ದಾದರೂ ಸೆರಗು ಸಾಮಾನ್ಯವಾಗಿ ಕೆಂಪಿನದಾಗಿದ್ದು ಅದರಲ್ಲಿ ಬಿಳಿಯ ತೋಪು ತೆನೆಯ ವಿನ್ಯಾಸವಿರುತ್ತದೆ. ಸೆರಗಿನ ಕೆಂಪನ್ನು ಬಳೆಗೆ ತೆಗೆದುಕೊಂಡರೆ ಬೇರೆ ಹುಡುಕಾಟ ಬೇಕಾಗುವುದಿಲ್ಲ.

ಮೈಸೂರು ಸಿಲ್ಕ್ ಸೀರೆಯ ಪ್ರಶ್ನೆ ಬೇರೆ. ಅದರ ಪರಿಚಿತ ರೂಪದಲ್ಲಿ ಒಡಲೆಲ್ಲ ಒಂದೇ ಬಣ್ಣ, ಅಂಚಿನಲ್ಲಿ ಚಿನ್ನದ ಜರಿ. ಎರಡನೆಯ ಬಣ್ಣವೆಂದರೆ ಜರಿಯೊಂದೇ. ಅಲ್ಲಿ ಎರಡು ದಾರಿಗಳಿವೆ. ಚಿನ್ನದ ಬಳೆಗಳನ್ನಷ್ಟೇ ತೊಟ್ಟು ಬಣ್ಣವನ್ನು ಸೀರೆಗೇ ಬಿಟ್ಟುಕೊಡುವುದು ಒಂದು. ಇನ್ನೊಂದು, ವಿರುದ್ಧ ಬಣ್ಣದ ರವಿಕೆ ಹೊಲಿಸಿ ಬಳೆಯನ್ನು ಅದಕ್ಕೆ ಹೊಂದಿಸುವುದು. ರವಿಕೆಯೂ ಸೀರೆಯದೇ ಬಣ್ಣದ್ದಾಗಿದ್ದು ಬಳೆ ಮಾತ್ರ ಪೂರ್ತಿ ಬೇರೆಯಾದರೆ, ಆ ಬಣ್ಣಕ್ಕೆ ಮೈಮೇಲೆ ಇನ್ನೆಲ್ಲೂ ಆಸರೆ ಇರುವುದಿಲ್ಲ. ಆಗ ಕಿವಿಯೋಲೆಯ ಹರಳಿನಲ್ಲಾದರೂ ಆ ಬಣ್ಣ ಇನ್ನೊಮ್ಮೆ ಬರಲಿ. ಬೊಟ್ಟಿನ ನಡುವಿನ ಒಂದು ಸಣ್ಣ ಹರಳಿನಲ್ಲಿ ಬಂದರೂ ಸಾಕು.

ಕೆಂಪು ಬಣ್ಣದಲ್ಲೇ ಹೆಚ್ಚು ತಪ್ಪಾಗುವುದೇಕೆ?

ನಾವು ‘ಕೆಂಪು’ ಎಂಬ ಒಂದೇ ಮಾತಿನಲ್ಲಿ ಎರಡು ಕುಟುಂಬಗಳನ್ನು ಸೇರಿಸಿಬಿಟ್ಟಿದ್ದೇವೆ. ಒಂದು ಹಳದಿಯ ಕಡೆಗೆ ವಾಲುವ ಕೆಂಪು. ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಬರುವ ಕುಂಕುಮದ ಬಣ್ಣ, ಇಟ್ಟಿಗೆಯ ಬಣ್ಣ, ಕೇಸರಿಗೆ ಹತ್ತಿರದ ಕೆಂಪು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇನ್ನೊಂದು ನೀಲಿಯ ಕಡೆಗೆ ವಾಲುವ ಕೆಂಪು: ದಾಳಿಂಬೆ, ರಾಣಿ ಬಣ್ಣ, ಬೀಟ್‌ರೂಟ್ ಬಣ್ಣ, ಮೆಜೆಂಟಾ. ಮರೂನ್ ಎರಡೂ ಕಡೆ ಇದೆ. ಕಂದಿಗೆ ತಿರುಗಿದ ಮರೂನ್ ಮೊದಲ ಗುಂಪಿನದು, ನೇರಳೆಗೆ ತಿರುಗಿದ್ದು ಎರಡನೆಯದು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು ಇರುವುದರಿಂದ ‘ಮರೂನ್ ಬಳೆ ಕೊಡಿ’ ಎಂದು ಕೇಳಿ ತಂದದ್ದು ಮರೂನ್ ಅಂಚಿಗೆ ಹೊಂದದೆ ಹೋಗುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಕಿಟಕಿಯ ಬೆಳಕಿನಲ್ಲಿ ಬಿಳಿಯ ಹಾಳೆಯೊಂದರ ಮೇಲೆ ಸೀರೆಯ ಅಂಚನ್ನೂ ಬಳೆಯನ್ನೂ ಒಟ್ಟಿಗಿಟ್ಟು ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಎರಡೂ ಒಂದೇ ಗುಂಪಿನವಾದರೆ ಅವುಗಳ ನಡುವಿನ ಗಡಿ ಮಸುಕಾಗುತ್ತದೆ. ಬೇರೆ ಬೇರೆಯಾದರೆ ಒಂದು ಕಂದಿನಂತೆ, ಇನ್ನೊಂದು ಗುಲಾಬಿಯಂತೆ ಕೂಡಲೇ ಬೇರ್ಪಡುತ್ತದೆ. ಹಸಿರಿಗೂ ಈ ಪರೀಕ್ಷೆ ಸಲ್ಲುತ್ತದೆ: ಗಿಳಿಹಸಿರು ಹಳದಿಯ ಕಡೆಯದು, ನವಿಲಿನ ಹಸಿರು ನೀಲಿಯ ಕಡೆಯದು.

ಗುಂಪು ಬೇರೆಯಾದರೆ ಆ ಕೆಂಪನ್ನು ಕೈಬಿಟ್ಟು ಚಿನ್ನದ ಬಣ್ಣಕ್ಕೋ ಹಸಿರಿಗೋ ಹೋಗುವುದೇ ಉತ್ತಮ. ‘ಅಷ್ಟೇನೂ ಗೊತ್ತಾಗುವುದಿಲ್ಲ’ ಎಂದು ಅಂಗಡಿಯಲ್ಲಿ ಅನಿಸಿದ ವ್ಯತ್ಯಾಸ ಹಗಲಿನ ಬಯಲಿನಲ್ಲಿ ಖಂಡಿತ ಗೊತ್ತಾಗುತ್ತದೆ.

ಡಬಲ್ ಶೇಡ್ ಸೀರೆಗೆ ಯಾವ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿ ನೇಯ್ದ ಸೀರೆಯನ್ನು ಡಬಲ್ ಶೇಡ್ ಎನ್ನುತ್ತಾರೆ. ನೀಲಿ ಮತ್ತು ಹಸಿರು ಎಳೆಗಳು ಸೇರಿದ ನವಿಲುಗತ್ತಿನ ಬಣ್ಣ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಬಳೆ ಆರಿಸುವವರಿಗೆ ಅತ್ಯಂತ ಕಠಿಣವಾದ ಸೀರೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಾಸಿನ ಎಳೆಗಳು ಸೀರೆಯ ಉದ್ದಕ್ಕೆ ಓಡುತ್ತವೆ, ಹೊಕ್ಕಿನ ಎಳೆಗಳು ಅಗಲಕ್ಕೆ. ಸೀರೆಯನ್ನು ಸೊಂಟಕ್ಕೆ ಸುತ್ತಿದಾಗ ಅದರ ಉದ್ದ ಮೈಸುತ್ತ ಅಡ್ಡಲಾಗಿ ಹೋಗುವುದರಿಂದ ಹಾಸಿನ ಎಳೆಗಳು ಅಡ್ಡವಾಗಿಯೂ ಹೊಕ್ಕಿನ ಎಳೆಗಳು ಲಂಬವಾಗಿಯೂ ನಿಲ್ಲುತ್ತವೆ. ಅದೇ ಸೀರೆ ಭುಜವನ್ನು ಹಾದು ಬೆನ್ನಿಗೆ ಇಳಿಬಿದ್ದಾಗ ಉದ್ದವೇ ಲಂಬವಾಗುತ್ತದೆ. ಎಳೆಗಳ ದಿಕ್ಕು ಅದಲುಬದಲಾಗುತ್ತದೆ. ಮೇಲಿನಿಂದ ಬೀಳುವ ಬೆಳಕಿಗೆ ಅಡ್ಡಲಾಗಿ ಮಲಗಿರುವ ಎಳೆಗಳು ಎದುರಿಗೆ ನಿಂತವರ ಕಣ್ಣಿಗೆ ಹೆಚ್ಚು ಹೊಳೆಯುತ್ತವೆ. ಹೀಗಾಗಿ ಒಂದೇ ಸೀರೆ ಸೊಂಟದ ಸುತ್ತ ಒಂದು ಬಣ್ಣವಾಗಿಯೂ ಭುಜದಿಂದ ಕೆಳಗೆ ಇನ್ನೊಂದು ಬಣ್ಣವಾಗಿಯೂ ಕಾಣುತ್ತದೆ. ಸೆರಗನ್ನು ಒಂಟಿ ಪದರವಾಗಿ ಎಡಗೈಯ ಮೇಲೆ ಬಿಟ್ಟುಕೊಂಡರೆ ಎಡಗೈಯ ಬಳೆಗಳು ಒಂದು ಬಣ್ಣದ ಪಕ್ಕದಲ್ಲೂ ಬಲಗೈಯ ಬಳೆಗಳು ಇನ್ನೊಂದರ ಪಕ್ಕದಲ್ಲೂ ಇರುತ್ತವೆ!

ಆದ್ದರಿಂದ ಡಬಲ್ ಶೇಡ್ ಸೀರೆಯ ಒಡಲಿಗೆ ಬಳೆಯನ್ನು ಹೊಂದಿಸಲು ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಥಿರವಾಗಿರುವ ಬಣ್ಣ ಅದರಲ್ಲಿ ಎಲ್ಲಿದೆಯೋ ಅಲ್ಲಿಂದ ಆರಿಸಿ: ಒಂದೇ ಬಣ್ಣದಲ್ಲಿ ನೇಯ್ದ ಅಂಚು, ಜರಿ ಅಥವಾ ರವಿಕೆ.

ಒಂದು ಸೀರೆಯನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ತೋರಿಸಬಹುದೇ?

ನಾನು ಇತ್ತೀಚೆಗೆ ಹತ್ತಿರದ ಸಂಬಂಧಿಯೊಬ್ಬರಿಗಾಗಿ ಬಳೆ ಆರಿಸಿದ ಸೀರೆಯನ್ನೇ ಹೇಳುತ್ತೇನೆ. ನೀಲಿ ಹಾಸು, ಹಸಿರು ಹೊಕ್ಕಿನ ನವಿಲುಗತ್ತಿನ ಒಡಲು. ನಾಲ್ಕು ಬೆರಳಗಲದ ದಾಳಿಂಬೆಗೆಂಪಿನ ಅಂಚು, ಅದರಲ್ಲಿ ಚಿನ್ನದ ಜರಿ. ಅಂಚಿನದೇ ಬಣ್ಣದ ರವಿಕೆ. ಸಮಾರಂಭ ಬೆಳಿಗ್ಗೆ ತೆರೆದ ಅಂಗಳದಲ್ಲಿ ಆರಂಭವಾಗಿ ಮಧ್ಯಾಹ್ನ ದೀಪಗಳಿರುವ ಒಳಾಂಗಣದಲ್ಲಿ ಮುಗಿಯುವುದಿತ್ತು.

ಮೊದಲು ಅವರೇ ತಂದಿದ್ದ ಹಸಿರು ಗಾಜಿನ ಬಳೆಗಳನ್ನು ನೋಡಿದೆವು. ಭುಜದಿಂದ ಇಳಿದ ಭಾಗದ ಪಕ್ಕದಲ್ಲಿ ಅವು ಚೆನ್ನಾಗಿಯೇ ಇದ್ದವು. ಕೈಯನ್ನು ನೆರಿಗೆಯ ಪಕ್ಕಕ್ಕೆ ಇಳಿಸಿದಾಗ ಅಲ್ಲಿ ನೀಲಿ ಮುಂದೆ ಬಂದದ್ದರಿಂದ ಬಳೆ ಹಳದಿಗಟ್ಟಿದಂತೆ ಕಂಡಿತು. ನೀಲಿ ಬಳೆಗೆ ಇದರ ವಿಲೋಮವಾಯಿತು: ನೆರಿಗೆಗೆ ಸರಿ, ಮೇಲಕ್ಕೆ ಬೂದು. ಮೂರನೆಯದಾಗಿ ಮರೂನ್ ತಂದೆವು. ಅದು ಕಂದಿಗೆ ವಾಲಿದ ಮರೂನ್ ಆಗಿತ್ತು, ಅಂಚು ನೀಲಿಗೆ ವಾಲಿದ ಕೆಂಪು. ಮೂರರಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದಾಗಿತ್ತು, ಏಕೆಂದರೆ ಇದು ಮಾತ್ರ ಹೊಂದಿಸಲು ಪ್ರಯತ್ನಿಸಿ ತಪ್ಪಿದ್ದು ಎಂದು ಎದ್ದು ತೋರುತ್ತಿತ್ತು.

ಕೊನೆಗೆ ಪಾರದರ್ಶಕವಲ್ಲದ ದಾಳಿಂಬೆ ಬಣ್ಣದ ಬಳೆಗಳನ್ನು ಆರಿಸಿ, ಒಂದೊಂದು ಕೈಗೆ ಆರು ಬಳೆ ಮತ್ತು ಅವುಗಳ ಎರಡೂ ತುದಿಗೆ ಒಂದೊಂದು ಚಿನ್ನದ ಬಳೆಯನ್ನಿಟ್ಟೆವು. ಹನ್ನೆರಡು ಹಾಕಿ ನೋಡಿದಾಗ ಬಣ್ಣದ ಪಟ್ಟಿ ಅಂಚಿಗಿಂತ ದಪ್ಪವಾಗಿ ಕಂಡು ಕಣ್ಣು ಕೈಯಲ್ಲೇ ನಿಲ್ಲುತ್ತಿತ್ತು. ಆರಕ್ಕೆ ಇಳಿಸಿದಾಗ ಅದು ಅಂಚಿನ ಒಂದು ತುಣುಕಿನಂತಾಯಿತು. ಚಿನ್ನದ ಬಳೆಗಳು ಜರಿಯ ಕೆಲಸವನ್ನೇ ಮಾಡಿದವು: ಒಡಲಿನ ನೀಲಿ–ಹಸಿರಿಗೆ ಕೆಂಪು ನೇರವಾಗಿ ತಾಗದಂತೆ ನಡುವೆ ನಿಂತವು.

ಬೊಟ್ಟಿಗೆ ದಾಳಿಂಬೆ ಬಣ್ಣವನ್ನೇ ಹಣೆಗಿಟ್ಟಾಗ ಅವರ ಗೋಧಿ ಬಣ್ಣದ ಚರ್ಮದ ಮೇಲೆ ಅದು ಗುಲಾಬಿಯಾಗಿ ತೋರಿತು. ಗಾಢ ಮರೂನ್ ಬಣ್ಣದ, ಮಿನುಗಿಲ್ಲದ ಮಖಮಲ್ಲಿನ ದುಂಡು ಬಿಂದಿಯನ್ನಿಟ್ಟೆವು. ಬಳೆಯಲ್ಲಿ ಸೋತ ಅದೇ ಕಂದು ಮರೂನ್ ಹಣೆಯ ಮೇಲೆ ಗೆದ್ದಿತು, ಏಕೆಂದರೆ ಅಲ್ಲಿ ಅದರ ಪಕ್ಕದಲ್ಲಿ ಅಂಚು ಇರಲಿಲ್ಲ, ಚರ್ಮ ಇತ್ತು.

ಗಾಜಿನ ಬಳೆಯ ಬಣ್ಣವನ್ನು ನೋಡುವ ಸರಿಯಾದ ವಿಧಾನ ಯಾವುದು?

ಒಂದೇ ಬಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಬೇಡಿ. ಪಾರದರ್ಶಕ ಗಾಜಿನ ಮೂಲಕ ಬೆಳಕು ಹಾದುಬರುವುದರಿಂದ ಅದು ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಕೈಗೆ ತೊಟ್ಟಾಗ ಹಿಂದಿನಿಂದ ಬೆಳಕಿಲ್ಲ. ಗಾಜಿನೊಳಗಿಂದ ಚರ್ಮದ ಬಣ್ಣವೂ ಸೇರಿಕೊಳ್ಳುತ್ತದೆ. ನಾಲ್ಕೈದು ಬಳೆ ಒಟ್ಟುಗೂಡಿದಾಗ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ತಿಳಿಹಳದಿ, ತಿಳಿಹಸಿರು, ತಿಳಿಗುಲಾಬಿಯ ಪಾರದರ್ಶಕ ಬಳೆಗಳು ಕಂದು ಚರ್ಮದ ಮೇಲೆ ಮಂಕಾಗಲು ಇದೇ ಕಾರಣ. ಅಂಥ ತಿಳಿಬಣ್ಣಗಳು ಬೇಕಿದ್ದರೆ ಪಾರದರ್ಶಕವಲ್ಲದ ಗಾಜನ್ನೋ ರೇಷ್ಮೆ ದಾರ ಸುತ್ತಿದ ಬಳೆಯನ್ನೋ ಆರಿಸಿ. ಗಾಢ ಹಸಿರು, ಗಾಢ ಕೆಂಪುಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಸೀರೆಯನ್ನೇ ಅಂಗಡಿಗೆ ಒಯ್ಯಲಾಗದಿದ್ದರೆ ರವಿಕೆ ಹೊಲಿಸಿದಾಗ ಉಳಿದ ಬಟ್ಟೆಯ ತುಂಡನ್ನು ಒಯ್ಯಿರಿ. ಅದನ್ನು ಮೊಣಕೈಯಿಂದ ಕೆಳಗೆ ಸುತ್ತಿ, ಕನಿಷ್ಠ ಆರು ಬಳೆ ತೊಟ್ಟು, ಬಾಗಿಲಿನ ಹೊರಗಿನ ಬೆಳಕಿಗೆ ಬಂದು ನೋಡಿ. ಮೊಬೈಲ್‌ನಲ್ಲಿ ತೆಗೆದ ಚಿತ್ರವನ್ನು ನಂಬಿ ಬಣ್ಣ ಹೊಂದಿಸುವುದು ಬೇಡ. ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ, ರಾಣಿ ಬಣ್ಣ ಮತ್ತು ನೇರಳೆಗಳಲ್ಲಿ ಆ ತಿದ್ದುಪಡಿ ಬಹಳ ದಾರಿ ತಪ್ಪಿಸುತ್ತದೆ.

ಬಳೆಯ ಅಳತೆಗೂ ಬಣ್ಣಕ್ಕೂ ಸಂಬಂಧವಿದೆಯೇ?

ಸ್ವಲ್ಪ ಮಟ್ಟಿಗೆ ಇದೆ. 2-4 ಎಂದರೆ ಬಳೆಯ ಒಳವ್ಯಾಸ 2 ಇಂಚು ಮತ್ತು ಇಂಚಿನ ಹದಿನಾರನೆಯ 4 ಭಾಗ, ಅಂದರೆ ಎರಡೂಕಾಲು ಇಂಚು. 2-6 ಎಂದರೆ ಅದಕ್ಕಿಂತ ಇಂಚಿನ ಎಂಟನೆಯ ಒಂದು ಭಾಗದಷ್ಟು ದೊಡ್ಡದು. ಅಳತೆ ಸಡಿಲವಾದರೆ ಬಳೆಗಳು ಒಂದಕ್ಕೊಂದು ಅಂಟಿ ನಿಲ್ಲದೆ ನಡುವೆ ಚರ್ಮ ಕಾಣುತ್ತದೆ. ಆಗ ಆರು ಬಳೆಗಳ ಗಾಢ ಪಟ್ಟಿಯ ಬದಲು ಆರು ತೆಳುಗೆರೆಗಳಾಗಿ ಬಣ್ಣ ತಿಳಿಯಾಗುತ್ತದೆ.

ರಾತ್ರಿಯ ಸಮಾರಂಭಕ್ಕೆ ಆಯ್ಕೆ ಬದಲಾಗಬೇಕೆ?

ಹಳದಿ ಬೆಳಕಿನ ದೀಪಗಳಿದ್ದರೆ ಬದಲಾಗಬೇಕು. ಆ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಕಡುನೀಲಿ ಮತ್ತು ನೇರಳೆ ಬಳೆಗಳು ಕಪ್ಪಾಗಿಯೇ ಕಾಣುತ್ತವೆ. ಕೆಂಪು, ಕೇಸರಿ, ಚಿನ್ನದ ಬಣ್ಣಗಳು ಬೆಳಗುತ್ತವೆ. ಕಡುನೀಲಿ ಸೀರೆಗೆ ಕಡುನೀಲಿ ಬಳೆ ಹಗಲಿಗೆ ಚೆಂದ, ರಾತ್ರಿಗೆ ವ್ಯರ್ಥ. ಬಿಳಿಯ ಎಲ್‌ಇಡಿ ದೀಪಗಳಲ್ಲಿ ಕೆಲವು ಕಡಿಮೆ ಗುಣಮಟ್ಟದವು ಕೆಂಪನ್ನು ಮಂಕಾಗಿಸುತ್ತವೆ, ಅಲ್ಲಿ ಚಿನ್ನದ ಬಳೆಯ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಬಹುದು.

ವಿರುದ್ಧ ಬಣ್ಣದ ಬೊಟ್ಟು ಇಡಬಹುದೇ? ಹಸಿರು ಅಥವಾ ನೀಲಿ ಬಿಂದಿ ಏಕೆ ಕಪ್ಪಾಗಿ ಕಾಣುತ್ತದೆ?

ಇಡಬಹುದು, ಆದರೆ ಗಾತ್ರವನ್ನು ನೋಡಿಕೊಳ್ಳಬೇಕು. ಚಿಕ್ಕ ಚುಕ್ಕೆಯ ಬಣ್ಣವನ್ನು ದೂರದಿಂದ ಗುರುತಿಸುವುದು ಕಣ್ಣಿಗೆ ಕಷ್ಟ. ನೀಲಿ ಮತ್ತು ಗಾಢ ಹಸಿರು ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಸೋಲುತ್ತವೆ. ಸಾಸಿವೆಕಾಳಿನಷ್ಟು ಕಡುಹಸಿರು ಬಿಂದಿ ಕನ್ನಡಿಯ ಹತ್ತಿರ ಹಸಿರು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಪ್ಪು. ಹಸಿರೇ ಬೇಕಿದ್ದರೆ ಗಿಳಿಹಸಿರಿಗೆ ಹತ್ತಿರದ ತಿಳಿ ಛಾಯೆಯನ್ನು ಆರಿಸಿ ಅಥವಾ ಮರೂನ್ ಬೊಟ್ಟಿನ ಕೆಳಗೆ ಹಸಿರು ಹರಳನ್ನಿಡಿ. ಕೆಂಪಿಗೆ ಈ ತೊಂದರೆ ಕಡಿಮೆ, ಆದರೂ ಗಾಢ ಮರೂನ್ ಬೊಟ್ಟು ತೀರ ಸಣ್ಣದಾದರೆ ಅದೂ ಕಪ್ಪಿಗೆ ಇಳಿಯುತ್ತದೆ.

ಹಳದಿ ಅಥವಾ ಕೆನೆ ಬಣ್ಣದ ಸೀರೆಗೆ ಅದೇ ಬಣ್ಣದ ಬಿಂದಿ ಹುಡುಕಬೇಡಿ. ಗೋಧಿ ಬಣ್ಣದ ಚರ್ಮದಲ್ಲಿ ಅದು ಕಾಣುವುದೇ ಇಲ್ಲ. ಅಂಥ ಸೀರೆಗಳಿಗೆ ಕುಂಕುಮದ ಕೆಂಪಿಗಿಂತ ಒಪ್ಪುವ ಬೊಟ್ಟನ್ನು ನಾನು ಕಂಡಿಲ್ಲ. ಹಣೆಗೆ ಪುಡಿ ಕುಂಕುಮವನ್ನೇ ಇಡುವವರು ಸೀರೆ ಉಡುವ ಮೊದಲೇ ಇಟ್ಟುಕೊಂಡು ಉದುರಿದ್ದನ್ನು ಒರೆಸಿಕೊಳ್ಳಲಿ, ತಿಳಿಬಣ್ಣದ ರೇಷ್ಮೆಗೆ ತಾಗಿದ ಕುಂಕುಮದ ಕಲೆ ಸುಲಭವಾಗಿ ಹೋಗುವುದಿಲ್ಲ.

ಸೀಮಂತಕ್ಕೆ ಅಥವಾ ಮದುವೆಗೆ ತೊಟ್ಟ ಹಸಿರು ಬಳೆ ತೆಗೆಯುವಂತಿಲ್ಲ. ಅದರ ಜೊತೆ ಯಾವ ಸೀರೆ?

ಇಲ್ಲಿ ಲೆಕ್ಕ ತಿರುಗುಮುರುಗು: ಬಳೆ ಸ್ಥಿರ, ಸೀರೆ ಬದಲಾಗುತ್ತದೆ. ಹಸಿರು ಬಳೆಗೆ ಕೆಂಪಿನ ಎರಡೂ ಕುಟುಂಬಗಳು, ಅರಿಶಿನ, ನೇರಳೆ, ಕೆನೆ ಬಣ್ಣಗಳು ನಿರಾತಂಕವಾಗಿ ಹೊಂದುತ್ತವೆ. ತೊಂದರೆ ಇರುವುದು ಹಸಿರಿಗೆ ಹತ್ತಿರವಿರುವ ಬಣ್ಣಗಳಲ್ಲಿ. ಪಾಚಿ ಹಸಿರು, ಗಿಳಿಹಸಿರು, ನವಿಲುಗತ್ತಿನ ಬಣ್ಣದ ಸೀರೆಗಳನ್ನು ಆ ದಿನಗಳಲ್ಲಿ ಉಡಲೇಬೇಕಿದ್ದರೆ ಹಸಿರು ಬಳೆಗಳ ಎರಡೂ ಬದಿಗೆ ಎರಡೆರಡು ಅಗಲವಾದ ಚಿನ್ನದ ಬಳೆಗಳನ್ನು ಹಾಕಿ. ಬಟ್ಟೆಯ ಹಸಿರಿಗೂ ಗಾಜಿನ ಹಸಿರಿಗೂ ನಡುವೆ ಅಂತರ ಬಿದ್ದರೆ ಕಣ್ಣು ಅವೆರಡನ್ನು ಹೋಲಿಸುವುದನ್ನು ಬಿಡುತ್ತದೆ.

ಮಿನುಗು ಬಳಿದ ಬಳೆ, ಹರಳಿನ ಬಳೆ ರೇಷ್ಮೆಗೆ ಸರಿಯೇ?

ಬಣ್ಣದ ದೃಷ್ಟಿಯಿಂದ ಹೇಳುವುದಾದರೆ, ಜರಿ ತುಂಬಿದ ಸೀರೆಗೆ ಮಿನುಗಿನ ಬಳೆ ಹೊಂದುವುದಿಲ್ಲ. ಜರಿಯ ಹೊಳಪು ಗೆರೆಗೆರೆಯಾಗಿ ಒಂದೇ ದಿಕ್ಕಿಗಿರುತ್ತದೆ, ಮಿನುಗಿನ ಹೊಳಪು ಚೆಲ್ಲಾಪಿಲ್ಲಿಯಾಗಿರುತ್ತದೆ. ಎರಡೂ ಪಕ್ಕಪಕ್ಕದಲ್ಲಿದ್ದರೆ ಜರಿ ಸಪ್ಪೆಯಾಗುತ್ತದೆ. ಜರಿಯೇ ಇಲ್ಲದ ಸಾದಾ ರೇಷ್ಮೆಗೆ ಅದು ಒಪ್ಪಬಹುದು.

ಇದಲ್ಲದೆ, ಬಳಿದ ಮಿನುಗು ಬೆವರಿಗೆ ಸಡಿಲವಾಗಿ ಸೀರೆಗೆ ಅಂಟಿಕೊಳ್ಳುತ್ತದೆ, ಹರಳನ್ನು ಹಿಡಿದಿರುವ ಲೋಹದ ಕೊಕ್ಕೆಗಳು ರೇಷ್ಮೆಯ ಎಳೆಯನ್ನು ಎಳೆಯುತ್ತವೆ. ತೊಡುವ ಮೊದಲು ಒಂದು ಚೂರು ಹತ್ತಿಯನ್ನು ಬಳೆಯ ಸುತ್ತ, ಬೆಸುಗೆಯ ಜಾಗವನ್ನೂ ಬಿಡದೆ, ಸವರಿಕೊಂಡು ಹೋಗಿ. ಹತ್ತಿಯ ನಾರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸೆರಗೂ ಸಿಕ್ಕಿಕೊಳ್ಳುತ್ತದೆ. ಅಂಥ ಬಳೆಯನ್ನು ಸೆರಗು ಬೀಳುವ ಎಡಗೈಗೆ ಹಾಕದೆ ಬಲಗೈಗೆ, ಎರಡು ನುಣುಪಾದ ಬಳೆಗಳ ನಡುವೆ ಹಾಕಿಕೊಳ್ಳಿ.